ಟೆಸ್ಟರ್‌ಗೆ ಲೀಡ್ ಕೊಡುವ ಶಿಫಾರಸು ಪತ್ರ: ಈ ಕರಡಿನಲ್ಲಿ ಏನು ಕೊರತೆ?

ತುಂತುರು

ವಿದೇಶದ ವಿಶ್ವವಿದ್ಯಾಲಯವೊಂದಕ್ಕೆ ಕಂಪ್ಯೂಟರ್ ಸೈನ್ಸ್ ಎಂಎಸ್‌ಗೆ ಅರ್ಜಿ ಹಾಕ್ತಿದ್ದೀನಿ. ಮೂರು ಶಿಫಾರಸು ಪತ್ರ ಕೇಳಿದ್ದಾರೆ. ಎರಡನ್ನು ಕಾಲೇಜಿನ ಮೇಷ್ಟ್ರುಗಳು ಕೊಡ್ತಾರೆ. ಮೂರನೆಯದು ನನ್ನ ಟೆಸ್ಟ್ ಲೀಡ್ ಅವರದ್ದು. ಎರಡು ವರ್ಷದಿಂದ ಅವರ ಕೈಕೆಳಗೆ ಇದ್ದೀನಿ. ಅವರೇ ಒಂದು ಪ್ಯಾರಾ ಬರೆದು, "ಇದಕ್ಕೆ ಇನ್ನೇನು ಸೇರಿಸಲಿ, ನೀನೇ ಹೇಳು" ಅಂತ ಕಳಿಸಿದ್ದಾರೆ. ಪತ್ರ ಇಂಗ್ಲಿಷ್‌ನಲ್ಲಿದೆ, ಅದರ ಸಾರಾಂಶ ಇಷ್ಟು:

"ಇವರು ನಮ್ಮ ತಂಡದ ಅತ್ಯಂತ ಶ್ರಮಜೀವಿ ಟೆಸ್ಟರ್. ಸಮಯಪಾಲನೆ ಇದೆ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಾರೆ. ಎರಡು ವರ್ಷಗಳಲ್ಲಿ 400ಕ್ಕೂ ಹೆಚ್ಚು ಬಗ್‌ಗಳನ್ನು ದಾಖಲಿಸಿದ್ದಾರೆ. ಮ್ಯಾನ್ಯುಯಲ್, ಆಟೊಮೇಶನ್ ಎರಡರಲ್ಲೂ ಪರಿಣತರು. ಉನ್ನತ ಶಿಕ್ಷಣದಲ್ಲಿ ಯಶಸ್ವಿಯಾಗುತ್ತಾರೆಂಬ ನಂಬಿಕೆ ನನಗಿದೆ."

ಓದಿದ್ರೆ ಚೆನ್ನಾಗೇ ಇದೆ, ಆದ್ರೂ ಏನೋ ಪೊಳ್ಳು ಅನ್ನಿಸ್ತಿದೆ. ಏನು ಕೊರತೆ ಅಂತ ಗೊತ್ತಾಗ್ತಿಲ್ಲ.

ನೀಲಿಪೆನ್ನು

ಇದಕ್ಕೆ ಲೀಡ್ ಯಾಕೆ? ಎಚ್‌ಆರ್ ಹತ್ರ ಕೇಳಿ. ಸೇರಿದ ದಿನಾಂಕ, ಹುದ್ದೆ, ಸಂಬಳ ಹಾಕಿ, ಸೀಲ್ ಹೊಡೆದು ಎರಡೇ ದಿನದಲ್ಲಿ ಕೊಡ್ತಾರೆ.

ಹಳೇ_ಲೀಡ್

ನೀಲಿಪೆನ್ನು, ನೀವು ಹೇಳ್ತಿರೋದು ಅನುಭವ ಪತ್ರ. ಈ ವ್ಯಕ್ತಿ ಇಲ್ಲಿ ಕೆಲಸ ಮಾಡಿದ್ದು ನಿಜ ಅಂತ ಅದು ಹೇಳುತ್ತೆ. ತುಂತುರು ಕೇಳ್ತಿರೋದು ಶಿಫಾರಸು ಪತ್ರ. ಈ ವ್ಯಕ್ತಿ ಹೇಗೆ ಯೋಚನೆ ಮಾಡ್ತಾರೆ ಅಂತ ಹತ್ತಿರದಿಂದ ನೋಡಿದವರು ಹೇಳಬೇಕು. ಶಿಫಾರಸು ಪತ್ರದ ಜಾಗಕ್ಕೆ ಅನುಭವ ಪತ್ರ ಏರಿಸಿದ್ರೆ, ಮೂರರಲ್ಲಿ ಒಂದು ಪತ್ರ ಬರಲೇ ಇಲ್ಲ ಅನ್ನೋ ಹಾಗೆ ಓದ್ತಾರೆ.

ಇನ್ನು ಕರಡು. ಇದರಲ್ಲಿರೋ ಒಂದೊಂದು ವಾಕ್ಯವನ್ನೂ ಬೇರೆ ಯಾವ ಟೆಸ್ಟರ್ ಹೆಸರಿಗೆ ಬೇಕಾದ್ರೂ ಅಂಟಿಸಬಹುದು. ಪೊಳ್ಳು ಅನ್ನಿಸ್ತಿರೋದು ಅದಕ್ಕೇ. ಸಮಯಪಾಲನೆ, ಹೊಂದಾಣಿಕೆ ಎಲ್ಲ ಕೆಲಸಕ್ಕೆ ಸೇರಿಸಿಕೊಳ್ಳೋರಿಗೆ ಬೇಕಾದ ಮಾತು. ಪ್ರವೇಶ ಸಮಿತಿಯಲ್ಲಿ ಕೂತವರು ಪಾಠ ಮಾಡೋ ಮಂದಿ. ಗೊತ್ತಿಲ್ಲದ ಸಮಸ್ಯೆ ಕೊಟ್ಟರೆ ಒಬ್ಬರೇ ಕೂತು ಬಿಡಿಸ್ತಾರಾ, ಕಂಡಿದ್ದನ್ನು ಸ್ಪಷ್ಟವಾಗಿ ಬರೀತಾರಾ, ತಪ್ಪು ಅಂತ ತೋರಿಸಿದ್ರೆ ತಿದ್ದಿಕೊಳ್ತಾರಾ ಅನ್ನೋದು ಅವರಿಗೆ ಬೇಕು. ಟೆಸ್ಟರ್ ಕೆಲಸದಲ್ಲಿ ಈ ಮೂರಕ್ಕೂ ಪುರಾವೆ ಬೇಕಾದಷ್ಟು ಸಿಗುತ್ತೆ. ಕರಡಿನಲ್ಲಿ ಒಂದೂ ಇಲ್ಲ.

ಆ 400 ಬಗ್ ಲೆಕ್ಕ ತೆಗೆಸಿಬಿಡಿ. ಎರಡು ವರ್ಷಕ್ಕೆ ಸುಮಾರು 500 ಕೆಲಸದ ದಿನ, ಅಂದ್ರೆ ದಿನಕ್ಕೆ ಒಂದೂ ಆಗಲಿಲ್ಲ. ಅದು ಹೆಚ್ಚೋ ಕಮ್ಮಿಯೋ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಅಕ್ಷರ ತಪ್ಪಿದ ಬಟನ್ನೂ ಒಂದು ಬಗ್, ಹಣದ ಲೆಕ್ಕ ತಪ್ಪಿದ್ದೂ ಒಂದು ಬಗ್. ಟೆಸ್ಟಿಂಗ್ ಬಲ್ಲ ಪ್ರೊಫೆಸರ್ ಓದಿದ್ರೆ, ಈ ಲೀಡ್ ಕೆಲಸವನ್ನು ಎಣಿಕೆಯಲ್ಲಿ ಅಳೀತಾರೆ ಅಂದ್ಕೊಂಡು ಪತ್ರದ ಉಳಿದ ಭಾಗವನ್ನೂ ಹಗುರವಾಗಿ ತಗೋತಾರೆ.

ಒಂದು ಕೆಲಸ ಮಾಡಿ. ಈ ಎರಡು ವರ್ಷದಲ್ಲಿ ನೀವು ಹಿಡಿದ, ನಿಮ್ಮ ಲೀಡ್‌ಗೆ ನೆನಪಿರೋ ಒಂದೇ ಒಂದು ಬಗ್ ಹೇಳಿ. ದೊಡ್ಡದೇ ಆಗಬೇಕಿಲ್ಲ, ಅದನ್ನು ಹೇಗೆ ಹಿಡಿದ್ರಿ ಅನ್ನೋದು ಸ್ವಾರಸ್ಯವಾಗಿರಬೇಕು.

ರಾಕೆಟ್_ರಂಗ

ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ ಗುರು. ಎರಡೇ ಸೂತ್ರ. ಒಂದು, ಲೀಡ್ ಬದಲು ಡೈರೆಕ್ಟರ್ ಸಹಿ ಹಾಕಿಸಿ, ಹುದ್ದೆ ದೊಡ್ಡದಾದಷ್ಟೂ ತೂಕ. ಎರಡು, ಆನ್‌ಲೈನ್ ಫಾರ್ಮ್‌ನಲ್ಲಿ ಅಂಕ ಕೊಡೋ ಕೋಷ್ಟಕ ಬರುತ್ತೆ, ಅದರಲ್ಲಿ ಎಲ್ಲದಕ್ಕೂ ಅತಿ ಮೇಲಿನ ಚೌಕಕ್ಕೇ ಟಿಕ್ ಮಾಡೋಕೆ ಹೇಳಿ. ಎಲ್ಲರೂ ಹಾಗೇ ಮಾಡ್ತಾರೆ, ನಿಮ್ಮವರು ಪ್ರಾಮಾಣಿಕವಾಗಿ ಕೆಳಗೆ ಹಾಕಿದ್ರೆ ನಷ್ಟ ನಿಮಗೇ.

ಹಳೇ_ಲೀಡ್

ರಂಗ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕೋಷ್ಟಕ ಇರೋದು ನಿಜ, ಹೆಚ್ಚಿನವರು ಮೇಲಕ್ಕೇ ಟಿಕ್ ಮಾಡೋದೂ ನಿಜ. ಆದ್ರೆ ಆ ಫಾರ್ಮ್ ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆ ಕೇಳುತ್ತೆ: ಯಾರ ಜೊತೆ ಹೋಲಿಸ್ತಿದ್ದೀರಿ? ತುಂತುರು ಅವರ ಲೀಡ್ ಇಲ್ಲಿಯವರೆಗೆ 14 ಟೆಸ್ಟರ್‌ಗಳ ಕೆಲಸ ನೋಡಿಕೊಂಡಿದ್ದಾರೆ ಅಂತ ಇಟ್ಕೊಳ್ಳಿ. ಪತ್ರದಲ್ಲಿ "ನಾನು ನೋಡಿದ 14 ಮಂದಿಯಲ್ಲಿ ಮೊದಲ ಇಬ್ಬರಲ್ಲಿ ಒಬ್ಬರು" ಅಂತ ಬರೆದು, ಫಾರ್ಮ್‌ನಲ್ಲಿ ಮೇಲಿನ ಶೇ 1ಕ್ಕೆ ಟಿಕ್ ಮಾಡಿದ್ರೆ ಏನಾಯ್ತು? 14ರಲ್ಲಿ 2 ಅಂದ್ರೆ ಶೇ 14. ಹದಿನಾಲ್ಕು ಜನರಲ್ಲಿ ಶೇ 1 ಅಂದ್ರೆ ಒಬ್ಬ ಮನುಷ್ಯನೂ ಪೂರ್ತಿ ಸಿಗಲ್ಲ. ಎರಡೂ ಒಂದೇ ಕಡತದಲ್ಲಿ ಅಕ್ಕಪಕ್ಕ ಕೂತಿರುತ್ತೆ, ಓದೋರ ಕಣ್ಣಿಗೆ ಬಿದ್ದೇ ಬೀಳುತ್ತೆ. ಆಮೇಲೆ ಪತ್ರದ ನಿಜವಾದ ಮಾತನ್ನೂ ಅನುಮಾನದಿಂದ ನೋಡ್ತಾರೆ.

ಆ ಕೋಷ್ಟಕದಲ್ಲಿ "ಹೇಳಲು ಆಧಾರವಿಲ್ಲ" ಅನ್ನೋ ಅರ್ಥದ ಚೌಕವೂ ಸಾಮಾನ್ಯವಾಗಿ ಇರುತ್ತೆ. ಸಂಶೋಧನಾ ಸಾಮರ್ಥ್ಯ, ಬೋಧನಾ ಸಾಮರ್ಥ್ಯದಂಥ ಸಾಲುಗಳಿಗೆ ಟೆಸ್ಟ್ ಲೀಡ್ ಅದನ್ನೇ ಆರಿಸಬೇಕು. ಒಂದೆರಡು ಕಡೆ "ನಾನು ನೋಡಿಲ್ಲ" ಅಂದವರು ಬೇರೆ ಕಡೆ "ನೋಡಿದ್ದೇನೆ" ಅಂದ್ರೆ ನಂಬಿಕೆ ಬರುತ್ತೆ.

ಡೈರೆಕ್ಟರ್ ವಿಷಯ ಪೂರ್ತಿ ತಪ್ಪು. ನಿಮ್ಮ ಬಗ್ ವರದಿ ಓದದವರು ಏನು ಬರೀತಾರೆ? ಮತ್ತೆ ಶ್ರಮಜೀವಿ, ಸಮಯಪಾಲಕ ಅಂತಲೇ ಬರೀಬೇಕು.

ಮಳೆಹನಿ

ನಂದೂ ಇದೇ ಗೋಳು, ಸ್ವಲ್ಪ ಬೇರೆ ಥರ. ನನ್ನ ಲೀಡ್ ಕಂಪನಿ ಬಿಟ್ಟು ಆರು ತಿಂಗಳಾಯ್ತು. ಈಗಿನ ಲೀಡ್ ಬಂದು ಎರಡೇ ತಿಂಗಳು. ಯಾರ ಹತ್ರ ಬರೆಸೋದು? ಹಳಬರ ಆಫೀಸ್ ಇಮೇಲ್ ಈಗ ಬೇರೆ ಕಂಪನಿಯದ್ದು, ನನ್ನ ಕಂಪನಿ ಲೆಟರ್‌ಹೆಡ್ ಅವರ ಹತ್ರ ಇಲ್ಲ.

ಹಳೇ_ಲೀಡ್

ಹಳಬರ ಹತ್ರವೇ. ಎರಡು ತಿಂಗಳು ನೋಡಿದವರು ಏನು ಬರೆದರೂ ಎರಡು ತಿಂಗಳಷ್ಟೇ ಇರುತ್ತೆ. ಪತ್ರದ ಮೊದಲ ಪ್ಯಾರಾದಲ್ಲೇ ಅವರು ತಮ್ಮ ಈಗಿನ ಹುದ್ದೆ ಹೇಳಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಲ್ಲಿ ನಿಮ್ಮ ಮೇಲ್ವಿಚಾರಕರಾಗಿದ್ದರು ಅಂತ ಬಿಡಿಸಿ ಬರೀಲಿ. ಇಮೇಲ್ ಈಗಿನ ಆಫೀಸಿನದ್ದೇ ಕೊಡಲಿ. ಸ್ವಂತ ಜಿಮೇಲ್ ವಿಳಾಸ ಕೊಟ್ಟರೆ ಕೆಲವು ವಿಶ್ವವಿದ್ಯಾಲಯಗಳು ಒಪ್ಪಲ್ಲ, ಕೆಲವು ಒಪ್ಪಿದರೂ ಪರಿಶೀಲನೆಗೆ ತೆಗೆದಿಡ್ತವೆ. ಹಳೇ ಕಂಪನಿಯ ಲೆಟರ್‌ಹೆಡ್ ಬಳಸೋ ಹಕ್ಕು ಅವರಿಗಿಲ್ಲ, ಎಲ್ಲಿಂದಲೋ ಹೊಂದಿಸಿ ಹಾಕೋದಂತೂ ಬೇಡವೇ ಬೇಡ. ಹೆಸರು, ಹುದ್ದೆ, ದಿನಾಂಕ, ಸಹಿ ಇರೋ ಸಾದಾ ಹಾಳೆ ಇರಲಿ. ಲೆಟರ್‌ಹೆಡ್ ಕಡ್ಡಾಯ ಅಂತ ಅರ್ಜಿಯ ಸೂಚನೆಯಲ್ಲಿದ್ರೆ, ಪ್ರವೇಶ ವಿಭಾಗಕ್ಕೆ ಮೊದಲೇ ಇಮೇಲ್ ಹಾಕಿ ಪರಿಸ್ಥಿತಿ ಹೇಳಿ, ಬಂದ ಉತ್ತರ ಇಟ್ಕೊಳ್ಳಿ.

ತುಂತುರು

ಬಗ್ ಒಂದು ಇದೆ, ಲೀಡ್‌ಗೂ ನೆನಪಿದೆ. ಬಿಲ್ಲಿಂಗ್ ಆ್ಯಪ್‌ನಲ್ಲಿ ಒಟ್ಟು ಮೊತ್ತವನ್ನು 3 ಕಂತು ಮಾಡೋ ಸೌಲಭ್ಯ. ಮೊದಲಿಂದ ಇದ್ದ ಟೆಸ್ಟ್ ಕೇಸ್‌ಗಳೆಲ್ಲ ಪಾಸ್. ಅವುಗಳಲ್ಲಿ ಬಳಸಿದ್ದ ಮೊತ್ತ 300, 900, 1200. ನಾನು 1000 ಹಾಕಿ ನೋಡಿದೆ. ಕಂತು 333.33, ಮೂರು ಸೇರಿದ್ರೆ 999.99. ಒಂದು ಪೈಸೆಯಷ್ಟು ಮಾಯ. 200 ಹಾಕಿದ್ರೆ ಕಂತು 66.67, ಮೂರು ಸೇರಿ 200.01. ಅಲ್ಲಿ ಒಂದು ಹೆಚ್ಚು. ಇಷ್ಟು ಸಣ್ಣದನ್ನು ವಿಶ್ವವಿದ್ಯಾಲಯದ ಪತ್ರದಲ್ಲಿ ಬರೆಯೋದಾ ಅಂತ ಮುಜುಗರ.

ಪಕ್ಕದ_ಡೆಸ್ಕ್

ಡೆವಲಪರ್ ಕಡೆಯಿಂದ ಒಂದು ಮಾತು. ಇದು ರೌಂಡಿಂಗ್ ಬಗ್, ಹಣದ ಲೆಕ್ಕ ಬರೆದವರೆಲ್ಲ ಒಮ್ಮೆಯಾದ್ರೂ ಎಡವೋ ಜಾಗ. ಮೊತ್ತವನ್ನು ಅತಿ ಸಣ್ಣ ಏಕಮಾನದಲ್ಲಿ ಪೂರ್ಣಾಂಕವಾಗಿ ಇಟ್ಕೊಂಡು, ಭಾಗಿಸಿದ ಮೇಲೆ ಉಳಿದ ಶೇಷವನ್ನು ಕೊನೇ ಕಂತಿಗೆ ಸೇರಿಸಿದ್ರೆ ಮುಗೀತು. 100000 ಆದ್ರೆ 33333, 33333, 33334. ಸರಿಮಾಡಿದ್ದು ಡೆವಲಪರ್ ತಾನೇ? ಪತ್ರದಲ್ಲಿ ಟೆಸ್ಟರ್ "ಸಮಸ್ಯೆ ಪರಿಹರಿಸಿದರು" ಅಂತ ಬಂದ್ರೆ ನನಗೆ ಸರಿ ಕಾಣಲ್ಲ.

ಹಳೇ_ಲೀಡ್

ಪಕ್ಕದ ಡೆಸ್ಕಿನವರ ಆಕ್ಷೇಪ ಸರಿಯಾಗಿದೆ. ಪತ್ರದಲ್ಲಿ ಯಾರು ಏನು ಮಾಡಿದ್ರು ಅನ್ನೋದು ಬೇರೆ ಬೇರೆಯಾಗಿ ಕಾಣಬೇಕು.

ತುಂತುರು, ಮುಜುಗರ ಬೇಡ. ಆದ್ರೆ ಒಂದು ಪೈಸೆ ಹೋಯ್ತು ಅನ್ನೋದು ಇಲ್ಲಿ ಮುಖ್ಯವಲ್ಲ. ಹಳೇ ಟೆಸ್ಟ್ ಕೇಸ್‌ಗಳ ಮೊತ್ತ ಇನ್ನೊಮ್ಮೆ ನೋಡಿ: 300, 900, 1200. ಮೂರೂ 3ರಿಂದ ಸಲೀಸಾಗಿ ಭಾಗವಾಗುವ ಸಂಖ್ಯೆ. ಆರಿಸಿದ ಡೇಟಾನೇ ಬಗ್ ಬಚ್ಚಿಟ್ಟಿತ್ತು. ಬೇರೆಯವರು ಪಾಸ್ ಅಂತ ಹಸಿರು ನೋಡಿ ಮುಂದೆ ಹೋದ ಕಡೆ, ಈ ಪಾಸ್ ಏನನ್ನು ಸಾಬೀತು ಮಾಡ್ತಿದೆ ಅಂತ ನೀವು ಕೇಳಿದ್ರಿ. ಪ್ರೊಫೆಸರ್‌ಗೆ ಬೇಕಾದ ಪುರಾವೆ ಇದೇ. ಆಮೇಲೆ ಏನು ಮಾಡಿದ್ರಿ, ಅದನ್ನೂ ಹೇಳಿ.

ತುಂತುರು

ಕಂತು 3 ಇದ್ರೆ ಶೇಷ 0, 1 ಅಥವಾ 2 ಬರುತ್ತೆ ಅಂತ ಮೂರಕ್ಕೂ ಒಂದೊಂದು ಮೊತ್ತ ಹಾಕಿದೆ. ಆಮೇಲೆ ಹೀಗೆ ಮೊತ್ತ ಆರಿಸ್ತಾ ಕೂರೋ ಬದಲು, ಮೊತ್ತ, ಕಂತಿನ ಸಂಖ್ಯೆ ಎರಡನ್ನೂ ಯಾದೃಚ್ಛಿಕವಾಗಿ ಕೊಟ್ಟು ಒಂದೇ ನಿಯಮ ಪರೀಕ್ಷಿಸೋ ಸ್ಕ್ರಿಪ್ಟ್ ಬರೆದೆ:

```
assert sum(parts) == total
```

ಅದರಿಂದ ಮರುಪಾವತಿಯಲ್ಲೂ ಇದೇ ತಪ್ಪು ಇದ್ದದ್ದು ಸಿಕ್ತು. ಅದು ಬೇರೆ ಮಾಡ್ಯೂಲ್, ನನಗೆ ಒಪ್ಪಿಸಿದ್ದಲ್ಲ. ಮೊದಲ ವರದಿಯಲ್ಲಿ ಕಾರಣ "ಡೇಟಾಬೇಸ್ ತಪ್ಪು ಸಂಖ್ಯೆ ಉಳಿಸ್ತಿದೆ" ಅಂತ ಬರೆದಿದ್ದೆ. ಡೆವಲಪರ್ ಅಲ್ಲ ಅಂದ್ರು. ಲಾಗ್ ನೋಡಿ, ಉಳಿಸೋ ಮೊದಲೇ ರೌಂಡ್ ಆಗ್ತಿದೆ ಅಂತ ವರದಿ ತಿದ್ದಿದೆ.

ಹಳೇ_ಲೀಡ್

ಇದನ್ನು ಹೇಳೋಕೆ ಮುಜುಗರ ಅಂತೀರಲ್ಲ! ಲೀಡ್ ಇದನ್ನು ತಮ್ಮ ಮಾತಿನಲ್ಲಿ ಬರೆದ್ರೆ ಪತ್ರದ ನಡುವಿನ ಪ್ಯಾರಾ ತಯಾರು. ಸಾರಾಂಶ ಹೀಗೆ ಬರಬಹುದು:

"ಕಂತು ಲೆಕ್ಕದ ಪರೀಕ್ಷೆಗಳೆಲ್ಲ ತಿಂಗಳುಗಳಿಂದ ಪಾಸ್ ಆಗುತ್ತಿದ್ದವು. ಅವುಗಳಲ್ಲಿ ಬಳಸಿದ ಮೊತ್ತಗಳೆಲ್ಲವೂ ಮೂರರಿಂದ ಭಾಗವಾಗುವಂಥವು ಎಂಬುದನ್ನು ಗಮನಿಸಿದವರು ಇವರೊಬ್ಬರೇ. ಅಲ್ಲಿಗೆ ನಿಲ್ಲದೆ, ಕಂತುಗಳ ಮೊತ್ತ ಸದಾ ಮೂಲ ಮೊತ್ತಕ್ಕೆ ಸಮವಾಗಿರಬೇಕೆಂಬ ನಿಯಮವನ್ನೇ ಪರೀಕ್ಷೆಯಾಗಿ ಬರೆದರು. ಅದೇ ತಪ್ಪು ತಮಗೆ ಒಪ್ಪಿಸದ ಇನ್ನೊಂದು ಮಾಡ್ಯೂಲ್‌ನಲ್ಲೂ ಇರುವುದು ಇದರಿಂದ ತಿಳಿಯಿತು. ಕಾರಣದ ಬಗ್ಗೆ ಅವರ ಮೊದಲ ಊಹೆ ತಪ್ಪಾಗಿತ್ತು. ಡೆವಲಪರ್ ಪ್ರಶ್ನಿಸಿದಾಗ ಲಾಗ್ ಪರಿಶೀಲಿಸಿ ಅದೇ ದಿನ ವರದಿಯನ್ನು ತಿದ್ದಿದರು. ಲೆಕ್ಕದ ಕೋಡ್ ಸರಿಪಡಿಸಿದ್ದು ಡೆವಲಪರ್. ಹೊಸ ಪರೀಕ್ಷೆ ಈಗ ಪ್ರತಿ ಬಿಲ್ಡ್‌ನಲ್ಲೂ ಓಡುತ್ತದೆ."

"ತಿಂಗಳುಗಳಿಂದ", "ಇವರೊಬ್ಬರೇ", "ಅದೇ ದಿನ", "ಪ್ರತಿ ಬಿಲ್ಡ್‌ನಲ್ಲೂ" ಇವೆಲ್ಲ ನಾನು ಹಾಕಿದ್ದು. ನಿಜ ಹೌದಾ ಅಂತ ಲೀಡ್ ನೋಡಿಕೊಂಡೇ ಇಡಬೇಕು, ಅಲ್ಲದಿದ್ರೆ ತೆಗೀಬೇಕು. ಮೊದಲ ಊಹೆ ತಪ್ಪಾಗಿತ್ತು ಅನ್ನೋ ವಾಕ್ಯ ತೆಗೆಯೋ ಆಸೆ ಆಗುತ್ತೆ, ತೆಗೀಬೇಡಿ. ತಪ್ಪೇ ಮಾಡದವರ ಬಗ್ಗೆ ಬರೆದ ಪತ್ರ ಓದೋರಿಗೆ ಬೇಕಾದಷ್ಟು ಸಿಗುತ್ತೆ. ತಪ್ಪು ಊಹೆಯನ್ನು ಪುರಾವೆ ನೋಡಿ ಬಿಟ್ಟುಕೊಟ್ಟವರ ಬಗ್ಗೆ ಬರೆದದ್ದು ಅಪರೂಪ.

ಪತ್ರದ ಒಟ್ಟು ಅಳತೆ ಒಂದು ಪುಟ, ಹೆಚ್ಚೆಂದ್ರೆ ಒಂದೂವರೆ. ಮೊದಲು ಪರಿಚಯ ಎಷ್ಟು ಕಾಲದ್ದು, ಯಾವ ಸಂಬಂಧ ಅಂತ ಮೂರ್ನಾಲ್ಕು ವಾಕ್ಯ. ಆಮೇಲೆ ಈ ಪ್ರಸಂಗಕ್ಕೆ ಅರ್ಧ ಪುಟ. ಬರವಣಿಗೆ ಬಗ್ಗೆ ಒಂದು ಸಣ್ಣ ಪ್ಯಾರಾ ಬೇಕೇ ಬೇಕು, ಯಾಕಂದ್ರೆ ಟೆಸ್ಟರ್ ದಿನವಿಡೀ ಬರೆಯೋದೇ ಬಗ್ ವರದಿ. ಮತ್ತೆ ಕೇಳದೆ ಡೆವಲಪರ್ ಅದನ್ನು ಮರುಸೃಷ್ಟಿಸೋ ಹಾಗೆ ಬರೀತಾರೆ ಅಂದ್ರೆ ತಾಂತ್ರಿಕ ಬರವಣಿಗೆಗೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಕೊನೆಗೆ 14ರಲ್ಲಿ ಇಬ್ಬರು ಅನ್ನೋ ಥರದ ಹೋಲಿಕೆ. ಟೂಲ್‌ಗಳ ಪಟ್ಟಿ ಬೇಡ, ಅದು ರೆಸ್ಯೂಮೆಯಲ್ಲಿದೆ.

ಪಕ್ಕದ_ಡೆಸ್ಕ್

ಕೋಡ್ ಸರಿಪಡಿಸಿದ್ದು ಡೆವಲಪರ್ ಅಂತ ಬಂತಲ್ಲ, ಸಮಾಧಾನ. 😀 ಗೌಪ್ಯತೆ ಒಪ್ಪಂದದ ಕಥೆ? ಕ್ಲೈಂಟ್ ಬಿಲ್ಲಿಂಗ್‌ನಲ್ಲಿ ಬಗ್ ಇತ್ತು ಅಂತ ಹೊರಗೆ ಬರೆದು ಕೊಡಬಹುದಾ?

ಹಳೇ_ಲೀಡ್

ಕ್ಲೈಂಟ್ ಹೆಸರು, ಪ್ರಾಡಕ್ಟ್ ಹೆಸರು, ನಷ್ಟದ ಮೊತ್ತ, ಬಳಕೆದಾರರ ಸಂಖ್ಯೆ, ಇನ್ನೂ ಬಿಡುಗಡೆಯಾಗದ ಸೌಲಭ್ಯ ಯಾವುದೂ ಬೇಡ. "ಒಂದು ಬಿಲ್ಲಿಂಗ್ ಸಾಫ್ಟ್‌ವೇರ್" ಅಂದ್ರೆ ಸಾಕು. ಇನ್ನೂ ಸರಿಪಡಿಸದ ಬಗ್, ಅದರಲ್ಲೂ ಭದ್ರತೆಗೆ ಸಂಬಂಧಪಟ್ಟದ್ದು, ಎಷ್ಟೇ ಸ್ವಾರಸ್ಯವಾಗಿದ್ರೂ ಪತ್ರಕ್ಕೆ ಬೇಡ. ಮೇಲಿನ ಪ್ಯಾರಾದಿಂದ ಕ್ಲೈಂಟ್ ಯಾರು ಅಂತ ಯಾರಿಗೂ ಗೊತ್ತಾಗಲ್ಲ, ಆದ್ರೂ ಲೀಡ್ ಒಮ್ಮೆ ತಮ್ಮ ಕಂಪನಿಯ ನಿಯಮ ನೋಡೋದು ಒಳ್ಳೇದು. ಕೆಲವು ಕಂಪನಿಗಳು ಮ್ಯಾನೇಜರ್‌ಗಳು ಲೆಟರ್‌ಹೆಡ್‌ನಲ್ಲಿ ಶಿಫಾರಸು ಕೊಡೋದನ್ನೇ ಒಪ್ಪಲ್ಲ, ಎಚ್‌ಆರ್ ಪತ್ರ ಮಾತ್ರ ಅಂತಾರೆ. ಹಾಗಿದ್ರೆ "ಇದು ನನ್ನ ವೈಯಕ್ತಿಕ ಅಭಿಪ್ರಾಯ, ಸಂಸ್ಥೆಯದ್ದಲ್ಲ" ಅಂತ ಒಂದು ಸಾಲು ಹಾಕಿ ಸಾದಾ ಹಾಳೆಯಲ್ಲಿ ಕೊಡಬಹುದಾ ಅಂತ ಅವರೇ ವಿಚಾರಿಸಬೇಕು.

ರಾಕೆಟ್_ರಂಗ

ಎಲ್ಲ ಸರಿ, ಇಷ್ಟು ಬರೆಯೋಕೆ ಯಾವ ಲೀಡ್‌ಗೆ ಪುರುಸೊತ್ತಿದೆ? ಅಭ್ಯರ್ಥಿ ಬರೀತಾರೆ, ಲೀಡ್ ಸಹಿ ಹಾಕ್ತಾರೆ. ಲೋಕಾರೂಢಿ.

ಹಳೇ_ಲೀಡ್

ರೂಢಿ ಇದೆ. ಆದ್ರೆ ಪತ್ರ ಶಿಫಾರಸು ಮಾಡುವವರೇ ಬರೆದಿರಬೇಕು ಅಂತ ಎಷ್ಟೋ ವಿಶ್ವವಿದ್ಯಾಲಯಗಳು ನಿಯಮ ಮಾಡಿವೆ, ಸುಳ್ಳು ಅಂತ ಗೊತ್ತಾದ್ರೆ ಪ್ರವೇಶ ಕೊಟ್ಟ ಮೇಲೂ ರದ್ದು ಮಾಡಬಹುದು. ಗೊತ್ತಾಗೋದೂ ಕಷ್ಟವಲ್ಲ. ನಿಮ್ಮ ಉದ್ದೇಶ ಪತ್ರದಲ್ಲಿ ಬಂದ ಪದಪುಂಜ, ಅಲ್ಪವಿರಾಮದ ಚಟ, ಅದೇ ಮಾತಿನ ಧಾಟಿ ಲೀಡ್ ಪತ್ರದಲ್ಲೂ ಬಂದ್ರೆ ಎರಡನ್ನೂ ಒಟ್ಟಿಗೆ ಓದೋರಿಗೆ ತಿಳಿಯುತ್ತೆ.

ಲೀಡ್‌ಗೆ ಪುರುಸೊತ್ತಿಲ್ಲದಿದ್ರೆ ಕೊಡಬೇಕಾದ್ದು ಕರಡಲ್ಲ, ಟಿಪ್ಪಣಿ. ಒಂದು ಪುಟ: ಯಾವ ತಿಂಗಳಲ್ಲಿ ಯಾವ ಪ್ರಾಜೆಕ್ಟ್, ಆ ಬಗ್‌ನ ಟಿಕೆಟ್ ಸಂಖ್ಯೆ, ನೀವೇನು ಮಾಡಿದ್ರಿ, ಯಾವ ಕೋರ್ಸ್‌ಗೆ ಅರ್ಜಿ, ಕೊನೇ ದಿನಾಂಕ. ವಿಶೇಷಣ ಒಂದೂ ಇರಬಾರದು. ಟಿಕೆಟ್ ತೆರೆದು ನೋಡಿದ್ರೆ ಅವರಿಗೇ ನೆನಪಾಗುತ್ತೆ, ಮಾತು ಅವರದ್ದೇ ಬರುತ್ತೆ. ಕೊನೇ ದಿನಕ್ಕೆ ನಾಲ್ಕೈದು ವಾರ ಮೊದಲೇ ಕೊಡಿ.

ಮಳೆಹನಿ

ಟಿಪ್ಪಣಿ ಕೊಟ್ಟರೂ "ನೀನೇ ಬರಿ" ಅಂದ್ರೆ? ನನ್ನ ಹಳೇ ಲೀಡ್ ಖಂಡಿತ ಅನ್ನೋ ಥರದವರೇ.

ಪಕ್ಕದ_ಡೆಸ್ಕ್

ಬೇರೆಯವರನ್ನು ಹುಡುಕಿ ಅಂತೀನಿ ನಾನು. ಒಂದು ಪುಟ ಬರೆಯೋಕೂ ಮನಸ್ಸಿಲ್ಲದವರ ಶಿಫಾರಸು ಯಾಕೆ?

ರಾಕೆಟ್_ರಂಗ

ಹೇಳೋದು ಸುಲಭ. ಹತ್ತಿರದಿಂದ ಕೆಲಸ ನೋಡಿದವರು ಅವರೊಬ್ಬರೇ ಆದ್ರೆ?

ಹಳೇ_ಲೀಡ್

ಇದಕ್ಕೆ ನನ್ನ ಹತ್ರವೂ ಚೊಕ್ಕ ಉತ್ತರ ಇಲ್ಲ. ಒಂದು ಮಧ್ಯದ ದಾರಿ: ಫೋನ್‌ನಲ್ಲಿ ಇಪ್ಪತ್ತು ನಿಮಿಷ ಅವರು ಮಾತಾಡಲಿ, ಅದನ್ನು ಅವರ ತಂಡದ ಇನ್ಯಾರಾದ್ರೂ ಟೈಪ್ ಮಾಡಿಕೊಡಲಿ, ಅವರು ತಿದ್ದಿ ತಾವೇ ಏರಿಸಲಿ. ಟೈಪ್ ಮಾಡೋರು ನೀವಾಗಬೇಡಿ. ಇದೂ ನಿಯಮಕ್ಕೆ ಪೂರ್ತಿ ಹೊಂದುತ್ತಾ ಅಂದ್ರೆ ವಾದ ಮಾಡಬಹುದು.

ನೀಲಿಪೆನ್ನು

ಮೊದಲು ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿ. ಒಂದು ಸಂದೇಹ. ಅರ್ಜಿ ತುಂಬುವಾಗ ಪತ್ರ ನೋಡುವ ಹಕ್ಕು ಬಿಟ್ಟುಕೊಡ್ತೀರಾ ಅಂತ ಒಂದು ಪ್ರಶ್ನೆ ಬರುತ್ತಂತೆ. ಹಕ್ಕು ಯಾಕೆ ಬಿಡಬೇಕು?

ಹಳೇ_ಲೀಡ್

ಅದು ಅಮೆರಿಕದ ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ ಬರೋದು. ಅಲ್ಲಿ 1974ರ FERPA ಅನ್ನೋ ಕಾನೂನಿನ ಪ್ರಕಾರ, ಪ್ರವೇಶ ಪಡೆದು ಸೇರಿದ ವಿದ್ಯಾರ್ಥಿ ತನ್ನ ಕಡತ ನೋಡಬಹುದು. ಸೇರದವರಿಗೆ ಆ ಹಕ್ಕು ಬರೋದೇ ಇಲ್ಲ. ಬಿಟ್ಟುಕೊಡಲೇಬೇಕು ಅಂತ ಪ್ರವೇಶಕ್ಕೆ ಷರತ್ತು ಹಾಕುವಂತಿಲ್ಲ. ಆದ್ರೂ ಹೆಚ್ಚಿನವರು ಬಿಟ್ಟುಕೊಡ್ತಾರೆ, ಅಭ್ಯರ್ಥಿ ನೋಡ್ತಾರೆ ಅನ್ನೋ ಮುಲಾಜಿಲ್ಲದೆ ಬರೆದದ್ದಕ್ಕೆ ಬೆಲೆ ಹೆಚ್ಚು ಅಂತ. ತುಂತುರು ಇದನ್ನು ಸ್ವಲ್ಪ ಯೋಚಿಸಬೇಕು. ಹಕ್ಕು ಬಿಟ್ಟುಕೊಟ್ಟ ಮೇಲೆ ಲೀಡ್ ಕರಡನ್ನು ನಿಮಗೆ ಕಳಿಸ್ತಾ ಕೂತರೆ ಅರ್ಥ ಇಲ್ಲ. ಟಿಪ್ಪಣಿ ಕೊಟ್ಟು ಕೈ ತೊಳ್ಕೊಳ್ಳಿ, ಕೊನೇ ರೂಪ ಅವರ ಹತ್ರವೇ ಇರಲಿ.

ತುಂತುರು

ಹಾಗೇ ಮಾಡಿದೆ. ಟಿಕೆಟ್ ಸಂಖ್ಯೆ, ತಿಂಗಳು, ಪ್ರಾಜೆಕ್ಟ್ ಇಷ್ಟೇ ಇರೋ ಟಿಪ್ಪಣಿ ಕೊಟ್ಟೆ. 400 ಬಗ್ ಸಾಲು ತೆಗೀತೀನಿ ಅಂದ್ರು. ಮೇಲೆ ಬರೆದ ಪ್ಯಾರಾ ಅವರಿಗೆ ತೋರಿಸಿಲ್ಲ. ಈಗ ಹೊಸ ತಲೆನೋವು: ಅರ್ಜಿಯಲ್ಲಿ ಅವರ ಇಮೇಲ್ ಹಾಕಿ ಮೂರು ದಿನ ಆಯ್ತು, ಲಿಂಕ್ ಬಂದಿಲ್ಲ ಅಂತಿದ್ದಾರೆ. ಸ್ಪ್ಯಾಮ್‌ನಲ್ಲೂ ಇಲ್ಲ.

ಪಕ್ಕದ_ಡೆಸ್ಕ್

ಮೊದಲು ವಿಳಾಸದಲ್ಲಿ ಅಕ್ಷರ ತಪ್ಪಿದೆಯಾ ನೋಡಿ. ಸರಿ ಇದ್ರೆ ಕಂಪನಿಯ ಮೇಲ್ ಫಿಲ್ಟರ್ ತಡೆದಿರುತ್ತೆ. ಹೊರಗಿನಿಂದ ಲಿಂಕ್ ಹೊತ್ತು ಬಂದ ಮೇಲ್‌ಗಳು ಸ್ಪ್ಯಾಮ್ ಫೋಲ್ಡರ್‌ಗೂ ಬರದೆ ಕ್ವಾರಂಟೈನ್‌ನಲ್ಲಿ ಕೂತಿರ್ತವೆ. ಲೀಡ್ ಐಟಿಯವರಿಗೆ ಹೇಳಿ ಬಿಡಿಸಿಕೊಳ್ಳಲಿ, ಆಮೇಲೆ ನೀವು ಅರ್ಜಿ ಪುಟದಿಂದ ಮತ್ತೆ ಕಳಿಸಿ. ಮೊದಲೇ ಮತ್ತೆ ಮತ್ತೆ ಕಳಿಸಿದ್ರೆ ಅವೂ ಅಲ್ಲೇ ಹೋಗಿ ಸಾಲಾಗಿ ಕೂರ್ತವೆ.

ತುಂತುರು

ಕ್ವಾರಂಟೈನ್‌ನಲ್ಲೇ ಇತ್ತು. ನಾನು ಕಳಿಸಿದ ನಾಲ್ಕೂ.